ಲಕ್ಸ್ ಮೀಟರ್ ಕೆಂಪು ಬಲ್ಬಿಗೆ ಯಾಕೆ ಇಷ್ಟು ಕಮ್ಮಿ ತೋರಿಸುತ್ತದೆ?

ಪ್ರಶ್ನೆ: ಸರ್, ನಾವು ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ ಬೆಳೆಯುತ್ತೇವೆ. ರಾತ್ರಿ ತೋಟಕ್ಕೆ 9 ವ್ಯಾಟಿನ ಬಿಳಿ ಎಲ್‌ಇಡಿ ಬಲ್ಬ್ ಹಾಕುತ್ತಿದ್ದೆವು. ಈ ಸಲ ಗಿಡಕ್ಕೆ ಇದೇ ಒಳ್ಳೇದು ಅಂತ 660 ನ್ಯಾನೋಮೀಟರ್‌ನ ಕೆಂಪು ಬಲ್ಬ್ ಕೊಟ್ಟರು. ಅದೂ 9 ವ್ಯಾಟೇ, ದುಡ್ಡು ಮಾತ್ರ ಜಾಸ್ತಿ. ಒಂದು ಮೀಟರ್ ಕೆಳಗೆ ಲಕ್ಸ್ ಮೀಟರ್ ಹಿಡಿದರೆ ಬಿಳಿಗೆ 140, ಕೆಂಪಿಗೆ ಬರೀ 20. ಮೋಸ ಹೋದೆನಾ? ಈ ವ್ಯಾಟ್, ಲ್ಯೂಮೆನ್, ಕ್ಯಾಂಡೆಲಾ, ಲಕ್ಸ್ ಅಂದರೆ ಏನು, ಒಂದು ಸಲ ಬಿಡಿಸಿ ಹೇಳಿ.

ಉತ್ತರ: ನೀವು ಕೊಟ್ಟ ಅಂಕಿ ನೋಡಿದರೆ ಮೋಸ ಹೋದ ಹಾಗೆ ಕಾಣುವುದಿಲ್ಲ. ನಿಜವಾದ 660ರ ಬಲ್ಬ್ ಆಗಿದ್ದರೆ, ಅಂದರೆ ಅದರ ಬೆಳಕಿನ ಅಲೆಯ ಉದ್ದ 660 ನ್ಯಾನೋಮೀಟರ್ ಆಗಿದ್ದರೆ, 20ರ ಆಸುಪಾಸೇ ಬರಬೇಕು. ಅದೇ ಮೀಟರ್ 100 ತೋರಿಸಿದ್ದರೆ ನನಗೆ ಅನುಮಾನ ಬರುತ್ತಿತ್ತು. ತಲೆಕೆಳಗಾಗಿದೆ ಅನ್ನಿಸುತ್ತದೆ ಅಲ್ವಾ? ಯಾಕೆ ಹೀಗೆ ಅಂತ ನಿಮ್ಮ ಎರಡು ಬಲ್ಬುಗಳನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಡಬ್ಬಿಯ ಮೇಲಿನ ವ್ಯಾಟ್ ಬಗ್ಗೆ. 9 ವ್ಯಾಟ್ ಅಂದರೆ ಬಲ್ಬ್ ಲೈನಿನಿಂದ ಎಳೆಯುವ ಕರೆಂಟಿನ ಲೆಕ್ಕ, ಹೊರಗೆ ಬರುವ ಬೆಳಕಿನದಲ್ಲ. ಅದರಲ್ಲಿ ಬಹುಪಾಲು ಒಳಗಿನ ಡ್ರೈವರ್‌ನಲ್ಲಿ, ಚಿಪ್‌ನಲ್ಲಿ ಬಿಸಿಯಾಗಿ ಹೋಗುತ್ತದೆ. ಬಲ್ಬಿನ ಕುತ್ತಿಗೆ ಮುಟ್ಟಿದರೆ ಸುಡುವುದು ಅದೇ. ಬೆಳಕಾಗಿ ಹೊರಬರುವುದು ಸುಮಾರು 3 ವ್ಯಾಟ್ ಅಂತ ಇಟ್ಟುಕೊಳ್ಳಿ. ಕೆಂಪು ಬಲ್ಬ್ ಒಳ್ಳೆಯದಾಗಿದ್ದರೆ ತುಸು ಹೆಚ್ಚೇ ಬರಬಹುದು, ಆದರೆ ಲೆಕ್ಕ ಸುಲಭವಾಗಲಿ ಅಂತ ಎರಡಕ್ಕೂ 3 ಅನ್ನೋಣ. ಹೀಗೆ ಬೆಳಕಿನ ರೂಪದಲ್ಲಿ ಹೊರಬರುವ ಶಕ್ತಿಗೂ ವ್ಯಾಟೇ ಅಳತೆ, ವಿಕಿರಣದ ವ್ಯಾಟ್. ಇದಕ್ಕೆ ಕಣ್ಣಿನ ಹಂಗಿಲ್ಲ. ಬಣ್ಣ ಯಾವುದೇ ಇರಲಿ, ಕಣ್ಣಿಗೆ ಕಾಣಲಿ ಬಿಡಲಿ, ಅಷ್ಟು ಶಕ್ತಿ ಹೊರಗೆ ಹೋಯಿತು ಅಂತ ಮಾತ್ರ ಹೇಳುತ್ತದೆ.

ಕಣ್ಣು ಹಾಗಲ್ಲ. ಅದು ಎಲ್ಲ ಬಣ್ಣಕ್ಕೂ ಒಂದೇ ಬೆಲೆ ಕೊಡುವುದಿಲ್ಲ.

ಮನೆಯಲ್ಲೇ ನೋಡಬಹುದು. ಟಿವಿ ರಿಮೋಟಿನ ಮೂತಿಯನ್ನು ಮೊಬೈಲ್ ಕ್ಯಾಮೆರಾದ ಕಡೆ ತಿರುಗಿಸಿ ಗುಂಡಿ ಒತ್ತಿ. ಸೆಲ್ಫಿ ಕ್ಯಾಮೆರಾ ಆದರೆ ಹೆಚ್ಚಿನ ಫೋನುಗಳಲ್ಲಿ ಚೆನ್ನಾಗಿ ಕಾಣುತ್ತದೆ. ಪರದೆ ಮೇಲೆ ಪುಟ್ಟ ದೀಪ ಪಟಪಟ ಮಿನುಗುತ್ತಿರುತ್ತದೆ, ನೇರವಾಗಿ ನೋಡಿದರೆ ಏನೂ ಇಲ್ಲ. ಆ ಬೆಳಕು ಹೆಚ್ಚಾಗಿ 940 ನ್ಯಾನೋಮೀಟರ್ ಹತ್ತಿರದ್ದು, ಇನ್‌ಫ್ರಾರೆಡ್. ಅಲ್ಲಿ ವ್ಯಾಟ್ ಇದೆ, ಟಿವಿಗೆ ಅದು ತಲುಪುತ್ತಲೂ ಇದೆ. ಕಣ್ಣಿನ ಲೆಕ್ಕದಲ್ಲಿ ಮಾತ್ರ ಸೊನ್ನೆ.

ಕಾಣುವ ಬಣ್ಣಗಳ ನಡುವೆಯೂ ಇದೇ ತಾರತಮ್ಯ. ಹಗಲಿನ ಬೆಳಕಿಗೆ ಹೊಂದಿಕೊಂಡ ಕಣ್ಣು 555 ನ್ಯಾನೋಮೀಟರ್‌ನ ಹಳದಿ ಮಿಶ್ರಿತ ಹಸಿರನ್ನು ಎಲ್ಲಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಎಳೆ ಬಾಳೆ ಎಲೆಗೆ ಬಿಸಿಲು ಬಿದ್ದಾಗ ಕಾಣುವ ಬಣ್ಣಕ್ಕೆ ಹತ್ತಿರದ್ದು ಅನ್ನಿ. ಅದಕ್ಕೆ ಪೂರ್ತಿ 1 ಅಂಕ ಕೊಟ್ಟರೆ, 600ರ ಕಿತ್ತಳೆಗೆ 0.63 ಸಿಗುತ್ತದೆ. 630ರ ಕೆಂಪಿಗೆ 0.27 ಅಷ್ಟೇ. ನಿಮ್ಮ 660ಕ್ಕೆ ಬರುವಷ್ಟರಲ್ಲಿ 0.061ಕ್ಕೆ ಕುಸಿದಿರುತ್ತದೆ. ನೀಲಿಯ ಕಡೆ 450ಕ್ಕೆ ಇನ್ನೂ ಕಮ್ಮಿ, 0.038. ಕಾಗದದ ಮೇಲೆ ಬರೆದರೆ ನಡುವೆ ಎದ್ದು ಎರಡೂ ಬದಿ ಇಳಿಯುವ ಗುಡ್ಡದ ಹಾಗೆ ಕಾಣುತ್ತದೆ. ಇದೇ ಕಣ್ಣಿನ ಸಂವೇದನೆಯ ವಕ್ರರೇಖೆ. ವಿಜ್ಞಾನದ ಪುಸ್ತಕಗಳಲ್ಲಿ V(λ) ಅಂತ ಬರೆದಿರುತ್ತಾರೆ.

ಇದನ್ನು ಅಳೆದ ರೀತಿ ನನಗೆ ತುಂಬಾ ಇಷ್ಟ. ಕೆಂಪು ಮತ್ತು ಹಸಿರನ್ನು ಅಕ್ಕಪಕ್ಕ ಇಟ್ಟು ಯಾವುದು ಹೆಚ್ಚು ಬೆಳಗುತ್ತಿದೆ ಅಂತ ಕೇಳಿದರೆ ಯಾರಿಗೂ ಖಚಿತವಾಗಿ ಹೇಳಲು ಬರುವುದಿಲ್ಲ. ಬಣ್ಣವೇ ಬೇರೆ ಆದಾಗ ಹೋಲಿಸುವುದು ಹೇಗೆ? ಅದಕ್ಕೆ ಒಂದು ಉಪಾಯ ಹೂಡಿದರು. ಎರಡು ಬಣ್ಣವನ್ನೂ ಒಂದೇ ಜಾಗದಲ್ಲಿ ಬೇಗ ಬೇಗ ಅದಲು ಬದಲು ಮಾಡುವುದು. ಒಂದು ವೇಗ ದಾಟಿದ ಮೇಲೆ ಬಣ್ಣಗಳು ಬೆರೆತು ಒಂದೇ ಆಗಿ ಕಾಣುತ್ತವೆ, ಆದರೆ ಒಂದರ ಹೊಳಪು ಹೆಚ್ಚಿದ್ದರೆ ಮಿಣುಕಾಟ ಉಳಿಯುತ್ತದೆ. ಆ ಮಿಣುಕಾಟ ತೀರಾ ಕಮ್ಮಿಯಾಗುವ ತನಕ ಒಂದರ ಶಕ್ತಿಯನ್ನು ಏರಿಸುತ್ತಾ ಇಳಿಸುತ್ತಾ ಹೋದರೆ ಆಯಿತು, ಕಣ್ಣಿಗೆ ಎರಡೂ ಸಮ. ಹೀಗೆ ಹಲವರ ಕಣ್ಣುಗಳನ್ನು ಅಳೆದ ಸರಾಸರಿಯ ಆಧಾರದ ಮೇಲೆ ಅಂತರರಾಷ್ಟ್ರೀಯ ಬೆಳಕಿನ ಆಯೋಗ, ಅಂದರೆ ಸಿಐಇ, 1924ರಲ್ಲಿ ಒಂದು ಪಟ್ಟಿಯನ್ನು ಒಪ್ಪಿಕೊಂಡಿತು. ನೀಲಿ ತುದಿಯಲ್ಲಿ ಅದು ಕಣ್ಣನ್ನು ಸ್ವಲ್ಪ ಕಮ್ಮಿ ಅಂದಾಜು ಮಾಡುತ್ತದೆ ಅಂತ ಆಮೇಲೆ ಗೊತ್ತಾಯಿತು. ಆದರೂ ಬಲ್ಬಿನ ಡಬ್ಬಿಯ ಮೇಲಿನ ಲ್ಯೂಮೆನ್ನಿಗೆ ಇವತ್ತಿಗೂ ಅದೇ ಪಟ್ಟಿಯೇ ತಳಪಾಯ.

ಲ್ಯೂಮೆನ್ ಅಂದರೆ ಇಷ್ಟೇ: ಹೊರಬಂದ ಬೆಳಕಿನ ವ್ಯಾಟನ್ನು ಈ ಪಟ್ಟಿಯ ಅಂಕದಿಂದ ಗುಣಿಸಿ, ಆಮೇಲೆ 683ರಿಂದ ಗುಣಿಸಿದರೆ ಬರುವ ಸಂಖ್ಯೆ. ಕಣ್ಣಿನ ಲೆಕ್ಕದಲ್ಲಿ ತೂಗಿದ ಈ ಒಟ್ಟು ಬೆಳಕಿಗೇ ಲ್ಯೂಮಿನಸ್ ಫ್ಲಕ್ಸ್ ಅನ್ನುವುದು.

```
lm = 683 × W × V
```

683 ಯಾಕೆ, 700 ಯಾಕಲ್ಲ ಅಂತ ಕೇಳಬಹುದು. ಅದು ಹಳೇ ಕಾಲದ ಮೇಣದಬತ್ತಿಯ ಬಾಕಿ. ಬೆಳಕಿನ ಮೂಲಮಾನ ಮೊದಲಿಗೆ ನಿಜವಾಗಿಯೂ ಮೇಣದಬತ್ತಿಯೇ ಆಗಿತ್ತು. ಆಮೇಲೆ ಕರಗಿದ ಪ್ಲಾಟಿನಂ ಗಟ್ಟಿಯಾಗುವ ಬಿಸಿಯಲ್ಲಿ ಕುಲುಮೆ ಸೂಸುವ ಬೆಳಕನ್ನು ಮಾನವಾಗಿ ಇಟ್ಟುಕೊಂಡರು. ಅದನ್ನು ಪ್ರಯೋಗಾಲಯದಲ್ಲಿ ಸರಿಯಾಗಿ ನಡೆಸುವುದು ದೊಡ್ಡ ತಲೆನೋವಾಗಿತ್ತು. 1979ರಲ್ಲಿ ಅದನ್ನು ಬಿಟ್ಟು, 540 ಲಕ್ಷ ಕೋಟಿ ಹರ್ಟ್ಜ್‌ನ ಬೆಳಕು, ಅಂದರೆ ಅದೇ 555 ನ್ಯಾನೋಮೀಟರ್ ಹಸಿರು, ಒಂದು ವ್ಯಾಟ್ ಇದ್ದರೆ 683 ಲ್ಯೂಮೆನ್ ಅಂತ ಕಟ್ಟುಮಾಡಿದರು. ಹಳೆಯ ಮಾನಕ್ಕೂ ಹೊಸದಕ್ಕೂ ತಾಳೆಯಾಗಲಿ ಅಂತ ಆರಿಸಿಕೊಂಡ ಸಂಖ್ಯೆ ಅದು. ಅದಕ್ಕೇ ಹೀಗೆ ವಕ್ರವಕ್ರವಾಗಿದೆ.

ಈಗ ನಿಮ್ಮ ಕೆಂಪು ಬಲ್ಬಿಗೆ ಬನ್ನಿ. 3 ವ್ಯಾಟ್, ಅಂಕ 0.061, ಮೇಲೆ 683. ಗುಣಿಸಿದರೆ 125 ಲ್ಯೂಮೆನ್. ಬಿಳಿ ಬಲ್ಬಿನಲ್ಲಿ ನೀಲಿಯಿಂದ ಕೆಂಪಿನವರೆಗೆ ಎಲ್ಲ ಬಣ್ಣವೂ ಇರುವುದರಿಂದ ಒಂದೇ ಅಂಕದಲ್ಲಿ ಮುಗಿಯುವುದಿಲ್ಲ. ಪ್ರತಿ ಬಣ್ಣದ ಪಾಲನ್ನೂ ಅದರದರ ಅಂಕದಿಂದ ಗುಣಿಸಿ ಕೂಡಬೇಕು. ಸಾಮಾನ್ಯ ಬಿಳಿ ಎಲ್‌ಇಡಿಗೆ ಹಾಗೆ ಕೂಡಿದರೆ ಪ್ರತಿ ವ್ಯಾಟ್ ಬೆಳಕಿಗೆ ಹೆಚ್ಚು ಕಮ್ಮಿ 300 ಲ್ಯೂಮೆನ್ ಬರುತ್ತದೆ. ಹಾಗಾಗಿ 3 ವ್ಯಾಟಿಗೆ 900. ನಿಮ್ಮ ಬಿಳಿ ಬಲ್ಬಿನ ಡಬ್ಬಿ ನೋಡಿ, ಅದರ ಹತ್ತಿರದ ಸಂಖ್ಯೆಯೇ ಇರುತ್ತದೆ. ಹೊರಗೆ ಹೋದ ಶಕ್ತಿ ಎರಡರದ್ದೂ ಒಂದೇ, ಲ್ಯೂಮೆನ್ ಮಾತ್ರ ಒಂದಕ್ಕೆ ಇನ್ನೊಂದರ ಏಳು ಪಟ್ಟು. ಕಳೆದುಹೋದದ್ದು ಏನೂ ಇಲ್ಲ, ತೂಗಿದ ತಕ್ಕಡಿ ಮನುಷ್ಯರ ಕಣ್ಣಿನದು.

ಮೊದಲು ನೀವೆಲ್ಲ 60 ವ್ಯಾಟಿನ ಬುರುಡೆ ಬಲ್ಬ್ ಹಾಕುತ್ತಿದ್ದಿರಲ್ಲ, ಅದರ ಕಥೆ ಇನ್ನೂ ಮಜವಾಗಿದೆ. ಅದು ಎಳೆದ ಕರೆಂಟಿನ ಬಹುಪಾಲನ್ನು ನಿಜಕ್ಕೂ ವಿಕಿರಣವಾಗಿಯೇ ಹೊರಗೆ ಹಾಕುತ್ತದೆ. ವ್ಯಾಟಿನ ಲೆಕ್ಕದಲ್ಲಿ ಎಲ್‌ಇಡಿಯನ್ನು ಎಲ್ಲೋ ಹಿಂದೆ ಬಿಡುತ್ತದೆ. ಆದರೆ ಅದರಲ್ಲಿ ಹೆಚ್ಚಿನದೆಲ್ಲ ಇನ್‌ಫ್ರಾರೆಡ್, ಕಣ್ಣಿನ ಅಂಕ ಸೊನ್ನೆ ಇರುವ ಜಾಗ. ಕೊನೆಗೆ ಸಿಗುವುದು 700 ಲ್ಯೂಮೆನ್ ಚಿಲ್ಲರೆ, ಅಷ್ಟೇ.

ಇನ್ನು ಕ್ಯಾಂಡೆಲಾ. ಲ್ಯೂಮೆನ್ ಅನ್ನುವುದು ಬಲ್ಬಿನಿಂದ ಎಲ್ಲ ದಿಕ್ಕಿಗೂ ಹೋದ ಬೆಳಕಿನ ಒಟ್ಟು ಮೊತ್ತ. ನಿಮಗೆ ಬೇಕಾಗಿರುವುದು ಗಿಡದ ದಿಕ್ಕಿಗೆ ಎಷ್ಟು ಬಂತು ಅನ್ನುವುದು. ಬಲ್ಬನ್ನು ನಡುವೆ ಇಟ್ಟು ಸುತ್ತ ಒಂದು ಮೀಟರ್ ತ್ರಿಜ್ಯದ ದೊಡ್ಡ ಗಾಜಿನ ಚೆಂಡು ಇದೆ ಅಂದುಕೊಳ್ಳಿ. ಅದರ ಮೈ ಒಟ್ಟು 12.57 ಚದರ ಮೀಟರ್. ಅದರಲ್ಲಿ ಒಂದು ಚದರ ಮೀಟರ್ ತುಂಡಿಗೂ ನಡುವಿನ ಬಲ್ಬಿಗೂ ಇರುವ ಶಂಕುವಿನಂಥ ಜಾಗವೇ ಒಂದು ಸ್ಟೆರೇಡಿಯನ್. ಅಷ್ಟು ಜಾಗದೊಳಗೆ ಒಂದು ಲ್ಯೂಮೆನ್ ಹರಿದರೆ ಆ ದಿಕ್ಕಿಗೆ ಬಲ್ಬ್ ಒಂದು ಕ್ಯಾಂಡೆಲಾ ಬಲದ್ದು. ಮೇಣದಬತ್ತಿ ಹೆಚ್ಚು ಕಮ್ಮಿ ಒಂದು ಕ್ಯಾಂಡೆಲಾ, ಹೆಸರು ಬಂದದ್ದೇ ಅಲ್ಲಿಂದ.

ನಿಮ್ಮ ಬಲ್ಬಿನ ಗುಮ್ಮಟ ಕೆಳಮುಖವಾಗಿದೆ, ಬೆಳಕು ಹೆಚ್ಚಾಗಿ ಕೆಳಗಿನ ಅರ್ಧ ಚೆಂಡಿಗೇ ಬೀಳುತ್ತದೆ. ಸ್ವಲ್ಪ ಮೇಲಕ್ಕೂ ಸೋರುತ್ತದೆ, ನೇರ ಕೆಳಗೆ ಸರಾಸರಿಗಿಂತ ತುಸು ಜಾಸ್ತಿಯೂ ಬೀಳುತ್ತದೆ, ಒಂದಕ್ಕೊಂದು ವಜಾ ಆಗಲಿ ಬಿಡಿ. ಅರ್ಧ ಚೆಂಡು ಅಂದರೆ 6.28 ಸ್ಟೆರೇಡಿಯನ್. 900ನ್ನು ಭಾಗಿಸಿದರೆ 143 ಕ್ಯಾಂಡೆಲಾ. ಕೆಂಪಿನ 125ನ್ನು ಭಾಗಿಸಿದರೆ 20.

ಈ ಎರಡು ಸಂಖ್ಯೆ ಎಲ್ಲೋ ನೋಡಿದ ಹಾಗಿದೆ ಅಲ್ವಾ? ನಿಮ್ಮ ಮೀಟರ್ ಹೇಳಿದ್ದೇ ಇದು. ಲಕ್ಸ್ ಅಂದರೆ ಒಂದು ಚದರ ಮೀಟರ್ ನೆಲದ ಮೇಲೆ ಬಿದ್ದ ಲ್ಯೂಮೆನ್. ಒಂದು ಮೀಟರ್ ದೂರದಲ್ಲಿ ಒಂದು ಸ್ಟೆರೇಡಿಯನ್ನಿನ ಬೆಳಕು ಒಂದು ಚದರ ಮೀಟರಿಗೇ ಹರಡುತ್ತದೆ. ಹಾಗಾಗಿ ಅಲ್ಲಿ ಕ್ಯಾಂಡೆಲಾ ಎಷ್ಟೋ ಲಕ್ಸೂ ಅಷ್ಟೇ. ಬಲ್ಬನ್ನು ಒಂದೂವರೆ ಮೀಟರ್ ಮೇಲೆ ಕಟ್ಟಿದರೆ ದೂರದ ವರ್ಗದಿಂದ, ಅಂದರೆ 2.25ರಿಂದ, ಭಾಗಿಸಬೇಕು. ಬಿಳಿಯ 143 ಲಕ್ಸ್ 64ಕ್ಕೆ ಇಳಿಯುತ್ತದೆ. ಬಲ್ಬಿನ ಲ್ಯೂಮೆನ್ನೂ ಬದಲಾಗಲಿಲ್ಲ, ಕ್ಯಾಂಡೆಲಾನೂ ಬದಲಾಗಲಿಲ್ಲ. ಅಷ್ಟೇ ಬೆಳಕು ಅಗಲ ಜಾಗಕ್ಕೆ ತೆಳ್ಳಗೆ ಹರಡಿತು. ಬಲ್ಬಿನ ಮೇಲೆ ಒಂದು ಹಳೇ ಸ್ಟೀಲ್ ತಟ್ಟೆ ಬೋರಲು ಹಾಕಿದರೆ ಲ್ಯೂಮೆನ್ ಚೂರು ಕಮ್ಮಿಯಾಗುತ್ತದೆ, ಯಾಕಂದರೆ ತಟ್ಟೆಯೂ ಸ್ವಲ್ಪ ನುಂಗುತ್ತದೆ. ಆದರೂ ಕೆಳಗಿನ ದಿಕ್ಕಿನ ಕ್ಯಾಂಡೆಲಾ ಏರುತ್ತದೆ. ಟಾರ್ಚ್ ಮಾರುವವರು ಡಬ್ಬಿಯ ಮೇಲೆ ಸಾವಿರಗಟ್ಟಲೆ ಕ್ಯಾಂಡೆಲಾ ಬರೆಯುವುದು ಇದೇ ಧೈರ್ಯದಲ್ಲಿ: ಇರುವ ಬೆಳಕನ್ನೆಲ್ಲ ಒಂದು ಸಣ್ಣ ಕೊಳವೆಗೆ ತುರುಕಿದರೆ ಆಯಿತು.

ಈಗ ಅಸಲಿ ವಿಷಯ. ಸೇವಂತಿಗೆ ಗಿಡಕ್ಕೆ ನಮ್ಮ ಕಣ್ಣಿಲ್ಲ.

ಸೇವಂತಿಗೆ ರಾತ್ರಿ ಉದ್ದವಾದಾಗ ಮೊಗ್ಗು ಬಿಡುವ ಗಿಡ. ನಡುರಾತ್ರಿಯಲ್ಲಿ ಬೆಳಕು ಕೊಟ್ಟರೆ ರಾತ್ರಿ ಚಿಕ್ಕದು ಅಂತ ತಿಳಿದು ಮೊಗ್ಗನ್ನು ಮುಂದೂಡುತ್ತದೆ, ನೀವು ಬಲ್ಬ್ ಕಟ್ಟುವುದೂ ಅದಕ್ಕೇ. ಈ ಬೆಳಕನ್ನು ಗುರುತಿಸುವುದು ಎಲೆಯಲ್ಲಿರುವ ಫೈಟೋಕ್ರೋಮ್ ಅನ್ನುವ ವಸ್ತು. ಅದು ಚೆನ್ನಾಗಿ ಹೀರುವುದು 660ರ ಕೆಂಪನ್ನೇ, ನಮ್ಮ ಕಣ್ಣು ಹೆಚ್ಚು ಕಮ್ಮಿ ಕೈಬಿಟ್ಟ ಬಣ್ಣವನ್ನು. ಅಂದರೆ ಗಿಡದ ಗುಡ್ಡದ ತುದಿ ನಮ್ಮ ಗುಡ್ಡದ ಬುಡದಲ್ಲಿದೆ. ಲಕ್ಸ್ ಮೀಟರ್ ಹಿಡಿದು ಗಿಡದ ಬೆಳಕು ಅಳೆಯುವುದು ಅಂದರೆ ನಿಮ್ಮ ನಾಲಿಗೆಯಲ್ಲಿ ಹಸುವಿನ ಹುಲ್ಲಿನ ರುಚಿ ನೋಡಿದ ಹಾಗೆ.

ಹಾಗಂತ ಮೀಟರನ್ನು ಎಸೆಯಬೇಡಿ, ಹಿಂದಕ್ಕೆ ಲೆಕ್ಕ ಹಾಕಬಹುದು. ಕೆಂಪಿನ ಒಂದು ವ್ಯಾಟಿಗೆ 683 × 0.061, ಅಂದರೆ ಸುಮಾರು 42 ಲ್ಯೂಮೆನ್. 20 ಲಕ್ಸನ್ನು 42ರಿಂದ ಭಾಗಿಸಿದರೆ ಚದರ ಮೀಟರಿಗೆ 0.48 ವ್ಯಾಟ್. ಬಿಳಿಯ 143 ಲಕ್ಸನ್ನು 300ರಿಂದ ಭಾಗಿಸಿ. ಅಲ್ಲೂ 0.48. ಕಣ್ಣಿನ ತಕ್ಕಡಿ ತೆಗೆದ ಕೂಡಲೇ ಎರಡೂ ಬಲ್ಬ್ ಸಮ. ಗಿಡದ ಕೆಲಸದವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಬೆಳಕಿನ ಕಣ, ಅಂದರೆ ಫೋಟಾನ್ ಎಣಿಸುತ್ತಾರೆ. ಕೆಂಪು ಫೋಟಾನಿನ ಶಕ್ತಿ ಕಮ್ಮಿ, ಹಾಗಾಗಿ ಅಷ್ಟೇ ಶಕ್ತಿಯಲ್ಲಿ ಹೆಚ್ಚು ಕಣ ಸಿಗುತ್ತವೆ. ಆ ಲೆಕ್ಕದಲ್ಲಿ ನಿಮ್ಮ ಕೆಂಪು ಬಲ್ಬ್ ಒಂದು ಮೀಟರ್ ಕೆಳಗೆ ಸೆಕೆಂಡಿಗೆ ಚದರ ಮೀಟರಿಗೆ ಸುಮಾರು 2.6 ಮೈಕ್ರೋಮೋಲ್ ಕೊಡುತ್ತಿದೆ, ಬಿಳಿಯದು 2.2ರ ಹತ್ತಿರ. ಮೇಲಾಗಿ ಕೆಂಪಿನ ಕಣಗಳೆಲ್ಲ ಫೈಟೋಕ್ರೋಮಿಗೆ ಬೇಕಾದ ಕಡೆಯೇ ಇವೆ, ಬಿಳಿಯದರಲ್ಲಿ ನೀಲಿ, ಹಸಿರಿಗೂ ಪಾಲು ಹೋಗಿದೆ. ರಾತ್ರಿ ನಡುವೆ ಕೊಡುವ ಬೆಳಕಿಗೆ ಒಂದೆರಡು ಮೈಕ್ರೋಮೋಲ್ ಸಾಕು ಅನ್ನುವುದು ರೂಢಿ. ನೀವು ಅದಕ್ಕಿಂತ ತುಸು ಮೇಲೇ ಇದ್ದೀರಿ.

ಆದರೆ ಆ 20ನ್ನು ತೀರಾ ನಂಬಬೇಡಿ. ಕಣ್ಣಿನ ಗುಡ್ಡ 660ರ ಹತ್ತಿರ ಕಡಿದಾದ ಇಳಿಜಾರು. 650ರಲ್ಲಿ ಅಂಕ 0.107, 660ರಲ್ಲಿ 0.061, 670ರಲ್ಲಿ 0.032. ಹತ್ತು ನ್ಯಾನೋಮೀಟರ್ ಆಚೆ ಈಚೆ ಆದರೆ ಲಕ್ಸ್ ಹೆಚ್ಚು ಕಮ್ಮಿ ಅರ್ಧಕ್ಕೋ ಎರಡು ಪಟ್ಟಿಗೋ ಹೋಗುತ್ತದೆ. ಎಲ್‌ಇಡಿ ಬಿಸಿಯಾದಂತೆ ಅದರ ಬಣ್ಣ ಕೆಲವು ನ್ಯಾನೋಮೀಟರ್ ಉದ್ದದ ಕಡೆಗೆ ಜರುಗುವುದೂ ಉಂಟು. ಮೀಟರಿನೊಳಗಿನ ಸೆನ್ಸರ್ ಸಿಲಿಕಾನ್‌ನದು, ಅದಕ್ಕೆ ಇನ್‌ಫ್ರಾರೆಡ್ಡೂ ಚೆನ್ನಾಗಿ ಕಾಣುತ್ತದೆ. ಅದರ ಮುಂದೆ ಬಣ್ಣದ ಫಿಲ್ಟರ್ ಇಟ್ಟು ಬಲವಂತವಾಗಿ ಕಣ್ಣಿನ ಹಾಗೆ ಮಾಡಿರುತ್ತಾರೆ. ಬಿಳಿ ಬೆಳಕಿಗೆ ಅದು ಸರಿಹೋಗುತ್ತದೆ, ಒಂದು ಕಡೆಯ ತಪ್ಪನ್ನು ಇನ್ನೊಂದು ಕಡೆ ಸರಿದೂಗಿಸುತ್ತದೆ. ಒಂದೇ ಬಣ್ಣದ ಬೆಳಕು ಬಂದಾಗ ಸರಿದೂಗಿಸಲು ಏನೂ ಇರುವುದಿಲ್ಲ. ಒಮ್ಮೆ ನನ್ನ ಹತ್ತಿರ ಎರಡು ಮೀಟರ್ ಇದ್ದವು. ಬಿಳಿ ಬಲ್ಬಿನ ಕೆಳಗೆ ಎರಡಕ್ಕೂ ಮೂರು ನಾಲ್ಕು ಲಕ್ಸಿನ ವ್ಯತ್ಯಾಸ ಇತ್ತು. ಕೆಂಪಿನ ಕೆಳಗೆ ಒಂದು 19 ಅಂದಿತು, ಇನ್ನೊಂದು 34. ಬಲ್ಬೇ ಕೆಟ್ಟಿದೆ ಅಂತ ಬಿಚ್ಚಿ, ಒಂದು ಮಧ್ಯಾಹ್ನ ಪೂರ್ತಿ ಹಾಳು ಮಾಡಿಕೊಂಡೆ. ಕೆಟ್ಟದ್ದು ಅಗ್ಗದ ಮೀಟರಿನ ಫಿಲ್ಟರ್. ನೀವು ಮೊಬೈಲ್ ಆಪ್‌ನಲ್ಲಿ ಅಳೆದಿದ್ದರೆ ಇನ್ನೂ ಅನುಮಾನ, ಅಲ್ಲಿ ಸೆನ್ಸರ್ ಪರದೆಯ ಹೊಳಪು ಸರಿಮಾಡಲು ಇಟ್ಟಿದ್ದು, ಕೆಂಪು ದೀಪ ಅಳೆಯಲು ಅಲ್ಲ.

ಮೋಸ ಇದೆಯಾ ಅಂತ ನೋಡಲು ಲಕ್ಸಿಗಿಂತ ಒಳ್ಳೆಯ ದಾರಿ ಇದೆ. ಪ್ಲಗ್ಗಿಗೆ ಚುಚ್ಚುವ ಪವರ್ ಮೀಟರ್ ಸಿಗುತ್ತದೆ, ಅದರಲ್ಲಿ ಬಲ್ಬ್ ಎಷ್ಟು ಎಳೆಯುತ್ತದೆ ನೋಡಿ. 9 ಅಂತ ಬರೆದು 5 ಎಳೆದರೆ ಅಲ್ಲೇ ಗೊತ್ತಾಯಿತು. ಆಮೇಲೆ ಬಣ್ಣ. ಕೆಲವರು 660 ಅಂತ ಹೇಳಿ 625ರ ಕೆಂಪು ಎಲ್‌ಇಡಿ ಹಾಕಿರುತ್ತಾರೆ. ಅದರ ಅಂಕ 0.32. ಅದೇ 3 ವ್ಯಾಟಿಗೆ 650 ಲ್ಯೂಮೆನ್ ದಾಟುತ್ತದೆ, ಒಂದು ಮೀಟರ್ ಕೆಳಗೆ 100 ಲಕ್ಸ್ ಬರುತ್ತದೆ. ಮೊದಲೇ 100 ಬಂದಿದ್ದರೆ ಅನುಮಾನ ಪಡುತ್ತಿದ್ದೆ ಅಂದೆನಲ್ಲ, ಇದಕ್ಕೇ. ಮೀಟರಿಗೂ ಕಣ್ಣಿಗೂ ಅದು ಚೆನ್ನಾಗಿ ಬೆಳಗುತ್ತದೆ, ಗಿಡಕ್ಕೆ ಮಾತ್ರ 660ರಷ್ಟು ತಾಗುವುದಿಲ್ಲ. ಇನ್ನು ಕೆಲವು ಸುಮ್ನೆ ಬಿಳಿ ಬಲ್ಬಿಗೆ ಕೆಂಪು ಗುಮ್ಮಟ ಹಾಕಿದವು. ಆಗ ಮೀಟರ್ ಕಮ್ಮಿಯೇ ತೋರಿಸಬಹುದು, ಆದರೆ ಕಾರಣ ಬೇರೆ, ಬೆಳಕಿನ ಹೆಚ್ಚಿನ ಪಾಲನ್ನು ಗುಮ್ಮಟವೇ ನುಂಗಿಬಿಟ್ಟಿರುತ್ತದೆ. ಇದನ್ನು ಹಿಡಿಯಲು ಹಳೇ ಸಿಡಿ ಸಾಕು. ಕತ್ತಲ ಕೋಣೆಯಲ್ಲಿ ಬಲ್ಬ್ ಹಚ್ಚಿ, ದೂರ ನಿಂತು ಸಿಡಿಯ ಹೊಳೆಯುವ ಮೈಯನ್ನು ಓರೆಯಾಗಿ ಹಿಡಿದು ಅದರಲ್ಲಿ ಬಲ್ಬಿನ ಪ್ರತಿಬಿಂಬ ನೋಡಿ. ನಿಜವಾದ 660 ಆದರೆ ಒಂದೇ ಗಾಢ ಕೆಂಪು ಮಚ್ಚೆ. ಅದರ ಪಕ್ಕದಲ್ಲಿ ಕಿತ್ತಳೆ, ಹಳದಿಯ ಬಾಲ ಕಂಡರೆ ವಾಪಸ್ ಕೊಡಿ.

ಒಂದು ಎಚ್ಚರಿಕೆ. ಕಣ್ಣಿಗೆ ಮಂಕಾಗಿ ಕಂಡಿತು ಅಂತ ಯಾವ ಬೆಳಕನ್ನೂ ಹತ್ತಿರದಿಂದ ದಿಟ್ಟಿಸಬೇಡಿ. ಲೇಸರ್ ಪಾಯಿಂಟರ್‌ಗಳಲ್ಲಿ ಇದು ತುಂಬಾ ಮುಖ್ಯ. ಅಷ್ಟೇ ಮಿಲಿವ್ಯಾಟಿನ 532ರ ಹಸಿರು ಲೇಸರ್ 650ರ ಕೆಂಪಿಗಿಂತ ಎಂಟು ಪಟ್ಟು ಹೊಳೆಯುತ್ತದೆ, 405ರ ನೇರಳೆಯದು ಇನ್ನೂ ಪೇಲವ. ಆದರೆ ಕಣ್ಣಿನ ಒಳಪರದೆಯನ್ನು ಸುಡುವುದು ವ್ಯಾಟ್, ಲ್ಯೂಮೆನ್ ಅಲ್ಲ. ಅದಕ್ಕೇ ಲೇಸರ್ ಮೇಲೆ ಮಿಲಿವ್ಯಾಟ್ ಬರೆದಿರುತ್ತದೆ.

ಮತ್ತೆ, ರಾತ್ರಿ ತೋಟದ ಅಂಚಿನಲ್ಲಿ ನಿಂತು ನೋಡಿದಾಗ ಕೆಂಪು ಸಾಲು ಅಳತೆಗಿಂತಲೂ ಮಂಕಾಗಿ ಕಂಡರೆ ಅದಕ್ಕೂ ಕಾರಣ ಇದೆ. ಬೆಳಕು ತೀರಾ ಕಮ್ಮಿಯಾದಾಗ ಕಣ್ಣಿನಲ್ಲಿ ಬೇರೆ ಕೋಶಗಳು ಕೆಲಸಕ್ಕೆ ಇಳಿಯುತ್ತವೆ. ಆಗ ಗುಡ್ಡದ ತುದಿ 555ರಿಂದ 507ಕ್ಕೆ ಜರುಗುತ್ತದೆ, ಕೆಂಪು ಹೆಚ್ಚು ಕಮ್ಮಿ ಹೊರಗೇ ಉಳಿಯುತ್ತದೆ. ಮುಸ್ಸಂಜೆ ಹಿತ್ತಲಿನ ಕೆಂಪು ದಾಸವಾಳ ಕಪ್ಪಾಗಿ, ಅದರ ಎಲೆ ಇನ್ನೂ ತಿಳಿಯಾಗಿ ಕಾಣುವುದು ಇದರಿಂದಲೇ. ನಿಮ್ಮ ಮೀಟರ್ ಮಾತ್ರ ಎಷ್ಟು ಹೊತ್ತಾದರೂ ಹಗಲಿನ ಪಟ್ಟಿಯನ್ನೇ ಹಿಡಿದು ಕೂತಿರುತ್ತದೆ.

ಇನ್ನೂ ಸಮಾಧಾನ ಆಗದಿದ್ದರೆ ಈ ಬೆಳೆಯಲ್ಲೇ ನೋಡಿಬಿಡಿ. ನಾಲ್ಕು ಸಾಲಿಗೆ ಕೆಂಪು, ನಾಲ್ಕು ಸಾಲಿಗೆ ಬಿಳಿ, ಒಂದರ ಬೆಳಕು ಇನ್ನೊಂದಕ್ಕೆ ತಾಗದ ಹಾಗೆ ನಡುವೆ ಜಾಗ ಬಿಟ್ಟು, ಒಂದೇ ಎತ್ತರದಲ್ಲಿ, ಒಂದೇ ಟೈಮರಿಗೆ ಕಟ್ಟಿ. ಒಂದು ಮೂಲೆಯನ್ನು ಕತ್ತಲಲ್ಲೇ ಬಿಡಿ. ಮೂರು ಕಡೆಯೂ ಮೊದಲ ಮೊಗ್ಗು ಕಂಡ ದಿನ ಬರೆದಿಟ್ಟು ನನಗೂ ತಿಳಿಸಿ. ಎರಡು ಬಲ್ಬುಗಳ ನಡುವಿನ ಅಂತರ ಎಷ್ಟು ಅಂತಲೂ ಬರೆಯಿರಿ, ಯಾಕಂದರೆ ಬಲ್ಬಿನ ನೇರ ಕೆಳಗಿನ ಗಿಡಕ್ಕಿಂತ ಎರಡರ ನಡುವೆ ಸಿಕ್ಕಿಕೊಂಡ ಗಿಡವೇ ಮೊದಲು ಮೊಗ್ಗು ಬಿಡುವುದು.